ಮುಂದಿನ ತಾರೀಖಿನ ಮೂರು ಚೆಕ್

ನಾನು ಬರೆದ ಮೊದಲ ಮೇಲ್‌ನಲ್ಲಿ 'ದಯವಿಟ್ಟು' ಅನ್ನೋ ಪದ ಐದು ಸಲ ಇತ್ತು. ಆಮೇಲೆ ಎಣಿಸಿ ನೋಡಿದೆ. ಅಷ್ಟು ಸಲ ದಯವಿಟ್ಟು ಅಂದರೂ ಓದಿದವರಿಗೆ ಬೇಜಾರಾಯಿತು. ನಾಲ್ಕು ದಿನ ಉತ್ತರವೇ ಬರಲಿಲ್ಲ. ಐದನೇ ದಿನ ನಮ್ಮ ಸೇಲ್ಸ್ ಹುಡುಗ ನನ್ನ ಟೇಬಲ್ ಹತ್ತಿರ ಬಂದು ನಿಂತ. "ಸರ್, ಏನು ಬರೆದ್ರಿ ಅವರಿಗೆ? ಆರ್ಡರ್ ಬೇಡ ಅಂತಿದ್ದಾರೆ" ಅಂದ.

ನಾನು ಪ್ಯಾಕಿಂಗ್ ಬಾಕ್ಸ್ ಮಾಡುವ ಒಂದು ಕಂಪನಿಯಲ್ಲಿ ಉದ್ರಿ ಲೆಕ್ಕ ನೋಡಿಕೊಳ್ಳುತ್ತೇನೆ. ಯಾರಿಗೆ ಎಷ್ಟು ಉದ್ರಿ, ಎಷ್ಟು ದಿನಕ್ಕೆ, ಬಾಕಿ ಯಾವಾಗ ಬರುತ್ತದೆ, ಇಷ್ಟೇ ನನ್ನ ಕೆಲಸ. ಹಳೆಯ ಗಿರಾಕಿಗಳ ಮಟ್ಟಿಗೆ ಇದು ಸುಲಭ. ಅವರು ಯಾವಾಗ ಕೊಡುತ್ತಾರೆ, ಯಾವ ತಿಂಗಳು ಎಳೆದಾಡುತ್ತಾರೆ ಅಂತ ಗೊತ್ತಿರುತ್ತದೆ. ಕಷ್ಟ ಇರುವುದು ಹೊಸಬರ ವಿಷಯದಲ್ಲಿ.

ಈ ಹೊಸ ಗಿರಾಕಿ ಒಳ್ಳೆಯ ಪಾರ್ಟಿಯೇ. ಒಟ್ಟು 9 ಲಕ್ಷದ ಆರ್ಡರ್. ಒಂದೇ ಸಲ ಅಲ್ಲ, ಮೂರು ಲೋಡ್, ಒಂದೊಂದೂ 3 ಲಕ್ಷದ್ದು. ಬಿಲ್ ಆದ 45 ದಿನಕ್ಕೆ ದುಡ್ಡು ಅಂತ ಸೇಲ್ಸ್ ಕಡೆಯಿಂದ ಮಾತಾಗಿತ್ತು. ದಿನ ಎಣಿಸಿ ನೋಡಿದರೆ ಮೊದಲ ಲೋಡಿನ ದುಡ್ಡು ಬರುವ ಮುಂಚೆಯೇ ಮೂರೂ ಲೋಡ್ ಅವರ ಗೋಡೌನ್ ಸೇರಿರುತ್ತವೆ. ಅಂದರೆ ಅವರಿಂದ ಒಂದು ಪೈಸೆ ನೋಡದೆ ಪೂರ್ತಿ 9 ಲಕ್ಷ ನಾವು ಹೊರಗೆ ಬಿಟ್ಟಂತೆ. ಹಾಗಾಗಿ ಪೋಸ್ಟ್ ಡೇಟೆಡ್ ಚೆಕ್, ಅಂದರೆ ಮುಂದಿನ ತಾರೀಖು ಬರೆದ ಚೆಕ್ ಕೇಳೋಣ ಅಂತ ತೀರ್ಮಾನವಾಯಿತು.

ಕೇಳುವ ಜವಾಬ್ದಾರಿ ನನಗೆ ಬಿತ್ತು. ನಾನು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು: "ನಮ್ಮ ಕಂಪನಿಯ ನಿಯಮದಂತೆ ಹೊಸ ಗಿರಾಕಿಗಳು ಭದ್ರತೆಗಾಗಿ ಮುಂದಿನ ತಾರೀಖಿನ ಚೆಕ್‌ಗಳನ್ನು ಸಲ್ಲಿಸಬೇಕಾಗಿರುತ್ತದೆ. ದಯವಿಟ್ಟು ಸಹಿ ಮಾಡಿದ ಮೂರು ಚೆಕ್‌ಗಳನ್ನು ಆದಷ್ಟು ಬೇಗ ಕಳುಹಿಸಿಕೊಡಿ. ದಯವಿಟ್ಟು ಗಮನಿಸಿ, ಚೆಕ್ ಬಾರದೆ ಸರಕು ಹೊರಡುವುದಿಲ್ಲ."

ಈಗ ಓದಿದರೆ ನನಗೇ ಕಿರಿಕಿರಿಯಾಗುತ್ತದೆ. ಸಲ್ಲಿಸಬೇಕಾಗಿರುತ್ತದೆ ಅಂತೆ! ಯಾವುದೋ ಕಚೇರಿಯ ನೋಟಿಸ್ ತರಹ ಇದೆ. ಆದರೆ ತಪ್ಪು ಬರೀ ಧಾಟಿಯದ್ದಲ್ಲ. ಯಾವ ತಾರೀಖಿನ ಚೆಕ್, ಎಷ್ಟು ಮೊತ್ತಕ್ಕೆ, ಯಾವ ಬಿಲ್ಲಿಗೆ, ಇದೊಂದನ್ನೂ ನಾನು ಬರೆದಿರಲಿಲ್ಲ. "ಸಹಿ ಮಾಡಿದ ಮೂರು ಚೆಕ್" ಅಂದರೆ ಓದಿದವರು ಖಾಲಿ ಚೆಕ್ ಅಂತ ತಿಳಿದುಕೊಳ್ಳುತ್ತಾರೆ. ಅವರು ಹಾಗೇ ತಿಳಿದುಕೊಂಡಿದ್ದರು.

ನಿಜ ಹೇಳಬೇಕೆಂದರೆ ನಮ್ಮ ಯಜಮಾನರಿಗೆ ಬೇಕಿದ್ದದ್ದೂ ಖಾಲಿ ಚೆಕ್ಕೇ. "ಸಹಿ ಮಾಡಿದ್ದು ಒಂದು ಇಸ್ಕೊಂಡು ಇಟ್ಟಿರಿ, ಮಿಕ್ಕಿದ್ದು ನಾವು ತುಂಬ್ಕೊಳ್ಳೋಣ" ಅಂದಿದ್ದರು. ನಾನು ಒಪ್ಪಲಿಲ್ಲ. ಖಾಲಿ ಚೆಕ್ಕಿನಲ್ಲಿ ಮೊತ್ತ ತುಂಬುವವರು ನಾವು. ನಾಳೆ ಜಗಳವಾದರೆ ಆ ಅಂಕಿ ಎಲ್ಲಿಂದ ಬಂತು ಅಂತ ತೋರಿಸಬೇಕಾದವರೂ ನಾವೇ. ಮೇಲಿನ ಬರಹ ಒಂದು ಕೈಯದು, ಸಹಿ ಇನ್ನೊಂದು ಕೈಯದು ಅಂತ ಅವರ ಕಡೆಯವರು ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಖಾಲಿ ಚೆಕ್ ಕೊಟ್ಟವರಿಗೆ ಕೊನೆಯ ತಾರೀಖು ಅನ್ನೋದೇ ಇರುವುದಿಲ್ಲ. ತಾರೀಖು ಬರೆದು ಕೊಟ್ಟ ಚೆಕ್ ಆದರೆ ಆ ದಿನಕ್ಕೆ ಖಾತೆಯಲ್ಲಿ ದುಡ್ಡು ಇರಬೇಕು ಅಂತ ಕೊಟ್ಟವರೇ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಬೇಕಾಗಿದ್ದದ್ದು ಆ ನೆನಪು. ಚೆಕ್ಕಿಟ್ಟುಕೊಂಡು ಹೆದರಿಸುವುದು ನನಗೆ ಬೇಕಾಗಿರಲಿಲ್ಲ.

ಮೇಲ್ ಕೆಲಸ ಕೆಡಿಸಿತ್ತು. ಹಾಗಾಗಿ ಫೋನ್ ಮಾಡಿದೆ. ಅವರ ಕಂಪನಿಯ ಯಜಮಾನರೇ ಎತ್ತಿದರು.

"ಸರ್, ನನ್ನ ಮೇಲ್ ಸರಿ ಇರ್ಲಿಲ್ಲ. ಅದರ ಬಗ್ಗೆ ಮಾತಾಡೋಣ ಅಂತ ಫೋನ್ ಮಾಡ್ದೆ" ಅಂದೆ.

"ನೋಡಿ, ಇಪ್ಪತ್ತು ವರ್ಷದಿಂದ ವ್ಯಾಪಾರ ಮಾಡ್ತಿದ್ದೀವಿ. ಹೀಗೆ ಯಾರೂ ಕೇಳಿರ್ಲಿಲ್ಲ. ನಂಬಿಕೆ ಇಲ್ಲಾಂದ್ರೆ ಬಿಡಿ, ಬೇರೆ ಕಡೆ ತಗೋತೀವಿ."

ಇಲ್ಲಿ "ಹಾಗೇನಿಲ್ಲ ಸರ್, ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ" ಅಂತ ಹೇಳುವ ಆಸೆ ಆಗುತ್ತದೆ. ಹೇಳಬಾರದು. ಅದು ಸುಳ್ಳು ಅಂತ ಅವರಿಗೂ ಗೊತ್ತು. ಪೂರ್ತಿ ನಂಬಿಕೆ ಇದ್ದರೆ ಚೆಕ್ ಯಾಕೆ ಅಂತ ಮುಂದಿನ ಮಾತಿಗೇ ಕೇಳುತ್ತಾರೆ. ನಾನು ಇದ್ದದ್ದನ್ನೇ ಹೇಳಿದೆ. "ಸರ್, ನಮಗೆ ನಿಮ್ಮ ಪರಿಚಯ ಇನ್ನೂ ಆಗಿಲ್ಲ. ಮೊದಲ ಆರ್ಡರ್‌ನಲ್ಲೇ 9 ಲಕ್ಷ ಹೊರಗೆ ಬಿಡ್ತಿದ್ದೀವಿ. ಮೂರನೇ ಲೋಡ್ ನಿಮ್ಮಲ್ಲಿ ಇಳಿದ ಮೇಲೆ ನಮಗೆ ಮೊದಲ ಪೇಮೆಂಟ್ ಬರೋದು. ಅಲ್ಲೀತನಕ ನಮ್ಮ ಕೈಯಲ್ಲಿ ಏನಾದ್ರೂ ಇರ್ಬೇಕು ಅಂತ ಕೇಳ್ತಿದ್ದೀನಿ, ಅಷ್ಟೇ."

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಬಂದದ್ದು ಬೇರೆಯದೇ ಪ್ರಶ್ನೆ. "ಸರಿ, ಬಾಕ್ಸ್ ಒದ್ದೆಯಾಗಿ ಬಂತು ಅಂತ ಇಟ್ಕೊಳ್ಳಿ. ನಾನು ವಾಪಸ್ ಕಳಿಸ್ತೀನಿ. ಆಗ ನನ್ನ ಚೆಕ್ ನಿಮ್ಮ ಹತ್ರ ಇರುತ್ತೆ, ನೀವು ಹಾಕ್ತೀರಿ. ಆಗೇನು?"

ಆಗ ನನಗೆ ವಿಷಯ ಹೊಳೆಯಿತು. ಅವರಿಗೆ ಅವಮಾನ ಆಗಿದ್ದು ಹೌದು, ಆದರೆ ಅದು ಮೇಲಿನ ಪದರ. ಒಳಗಿದ್ದದ್ದು ಭಯ. ಚೆಕ್ ಕೊಟ್ಟ ಮೇಲೆ ಲಗಾಮು ನಮ್ಮ ಕೈಗೆ ಬರುತ್ತದೆ. ಉದ್ರಿ ತಗೊಂಡವರಿಗೆ ಇರುವ ಒಂದೇ ಬಲ ಅಂದರೆ ಸರಕು ಸರಿ ಇಲ್ಲದಿದ್ದರೆ ದುಡ್ಡು ತಡೆಹಿಡಿಯುವುದು. ಚೆಕ್ ಕೊಟ್ಟರೆ ಅದೂ ಹೋಯಿತು. ಇನ್ನೂ ಕೆದಕಿದಾಗ ಎರಡು ಭಯ ಹೊರಬಂದವು. ತಾರೀಖಿಗೆ ಮುಂಚೆಯೇ ನಾವು ಬ್ಯಾಂಕಿಗೆ ಹಾಕಿಬಿಟ್ಟರೆ? ಅವರು ಆನ್‌ಲೈನ್‌ನಲ್ಲಿ ಕಟ್ಟಿದ ಮೇಲೂ ಚೆಕ್ ನಮ್ಮ ಹತ್ತಿರವೇ ಉಳಿದು, ಮರೆತು ಯಾರೋ ಹಾಕಿಬಿಟ್ಟರೆ?

ಮೂರೂ ಸುಮ್ಮನೆ ಕಟ್ಟಿಕೊಂಡ ಭಯಗಳಲ್ಲ. ಮುಂಚೆ ಹಾಕಿದರೆ ಏನಾಗುತ್ತದೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಾದರೆ ಇನ್ನೂ ತಾರೀಖು ಬಂದಿಲ್ಲ ಅಂತ ಬ್ಯಾಂಕ್ ವಾಪಸ್ ಕಳಿಸುತ್ತದೆ. ಅಮೆರಿಕದಲ್ಲಿ, ಚೆಕ್ ಬರೆದವರು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಿರದಿದ್ದರೆ, ತಾರೀಖಿಗೆ ಮುಂಚೆ ಬಂದ ಚೆಕ್ಕನ್ನೂ ಬ್ಯಾಂಕ್ ಪಾಸ್ ಮಾಡಬಹುದು. ಆದ್ದರಿಂದ 'ಬ್ಯಾಂಕ್ ನೋಡಿಕೊಳ್ಳುತ್ತೆ ಬಿಡಿ' ಅನ್ನೋ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಇಟ್ಟುಕೊಂಡವರೇ ಮಾತು ಕೊಡಬೇಕು. ಅದೂ ಬರವಣಿಗೆಯಲ್ಲಿ.

ಫೋನ್ ಇಟ್ಟ ಮೇಲೆ ಎರಡನೇ ಪತ್ರ ಬರೆದೆ. ಈ ಸಲ ತಾರೀಖುಗಳಿಂದ ಶುರು ಮಾಡಿದೆ. ಬಿಲ್ ಆಗುವ ದಿನಗಳು ನವೆಂಬರ್ 2, ನವೆಂಬರ್ 20, ಡಿಸೆಂಬರ್ 10. ಪ್ರತಿಯೊಂದಕ್ಕೂ 45 ದಿನ ಕೂಡಿಸಿದರೆ ಡಿಸೆಂಬರ್ 17, ಜನವರಿ 4, ಜನವರಿ 24. ಕೊನೆಯದು ಭಾನುವಾರಕ್ಕೆ ಬಿತ್ತು. ಅದನ್ನು 25 ಮಾಡಿದೆ. ಒಂದು ದಿನ ಅವರಿಗೆ ಜಾಸ್ತಿ ಸಿಕ್ಕಿತು, ನಮಗೇನೂ ನಷ್ಟವಿಲ್ಲ. ರಜಾ ದಿನದ ತಾರೀಖನ್ನು ನಾವೇ ಮುಂದಕ್ಕೆ ಹಾಕಿದ್ದೇವೆ ಅಂತ ಕಂಡರೆ, ಲೆಕ್ಕ ಹಾಕಿ ಕೇಳುತ್ತಿದ್ದಾರೆ ಅಂತ ಎದುರಿನವರಿಗೆ ಗೊತ್ತಾಗುತ್ತದೆ.

ಪತ್ರ ಇದು:

"ನಮಸ್ಕಾರ ಸರ್. ನಿಮ್ಮ ಮೊದಲ ಆರ್ಡರ್‌ಗೆ ಧನ್ಯವಾದ. ಫೋನಿನಲ್ಲಿ ಮಾತಾಡಿದಂತೆ ಮೂರು ಲೋಡ್‌ಗೂ ಬಿಲ್ ತಾರೀಖಿನಿಂದ 45 ದಿನದ ಉದ್ರಿ ಇರುತ್ತದೆ. ಹೊಸದಾಗಿ ಉದ್ರಿ ಶುರು ಮಾಡುವಾಗ ಮೊದಲ ಆರ್ಡರ್‌ಗೆ ಮಾತ್ರ ನಾವು ಪೋಸ್ಟ್ ಡೇಟೆಡ್ ಚೆಕ್ ಕೇಳುತ್ತೇವೆ. ನಿಮ್ಮಿಂದ ಮೂರು ಚೆಕ್ ಬೇಕು. ಮೊದಲ ಲೋಡಿಗೆ ಡಿಸೆಂಬರ್ 17ರದು, ಎರಡನೆಯದಕ್ಕೆ ಜನವರಿ 4ರದು, ಮೂರನೆಯದಕ್ಕೆ ಜನವರಿ 25ರದು. ಒಂದೊಂದೂ 3 ಲಕ್ಷಕ್ಕೆ, ನಮ್ಮ ಕಂಪನಿಯ ಪೂರ್ತಿ ಹೆಸರಿಗೆ, ಅಕೌಂಟ್ ಪೇಯೀ ಅಂತ ಎರಡು ಗೆರೆ ಎಳೆದು ಕೊಟ್ಟರೆ ಒಳ್ಳೆಯದು.

ಚೆಕ್ ನಮ್ಮ ಕೈ ಸೇರಿದ ದಿನವೇ ನಂಬರ್ ಸಮೇತ ರಸೀದಿ ಕಳಿಸುತ್ತೇವೆ. ತಾರೀಖಿಗೆ ಮುಂಚೆ ಯಾವ ಚೆಕ್ಕನ್ನೂ ಬ್ಯಾಂಕಿಗೆ ಹಾಕುವುದಿಲ್ಲ. ಹಾಕುವ ಎರಡು ದಿನ ಮುಂಚೆ ನಿಮಗೆ ತಿಳಿಸುತ್ತೇವೆ. ಅಷ್ಟರೊಳಗೆ ನೀವು ಆನ್‌ಲೈನ್‌ನಲ್ಲಿ ಕಟ್ಟಿದರೆ ಆ ಚೆಕ್ ವಾಪಸ್ ಕೊಡುತ್ತೇವೆ. ಯಾವುದಾದರೂ ಲೋಡಿನಲ್ಲಿ ಬಾಕ್ಸ್ ಕಡಿಮೆ ಬಂದರೆ ಅಥವಾ ಕೆಟ್ಟು ಬಂದರೆ, ಇಳಿಸಿಕೊಂಡ ಏಳು ದಿನದೊಳಗೆ ತಿಳಿಸಿ. ಲೆಕ್ಕ ಸರಿಹೋಗುವ ತನಕ ಆ ಚೆಕ್ ಹಾಕುವುದಿಲ್ಲ. ಸರಿಯಾದ ಮೊತ್ತದ ಚೆಕ್ ಕೊಟ್ಟರೆ ಹಳೆಯದನ್ನು ವಾಪಸ್ ಮಾಡುತ್ತೇವೆ. ಮೂರೂ ಚೆಕ್ ತಾರೀಖಿಗೆ ಪಾಸಾದರೆ ಮುಂದಿನ ಆರ್ಡರ್‌ಗೆ ಚೆಕ್ ಕೇಳುವುದಿಲ್ಲ.

ಅಕ್ಟೋಬರ್ 29ರೊಳಗೆ ಚೆಕ್ ಸಿಕ್ಕಿದರೆ ಮೊದಲ ಲೋಡ್ ಹೇಳಿದ ದಿನಕ್ಕೇ ಹೊರಡುತ್ತದೆ. ನಮ್ಮ ಹುಡುಗ ಬಂದು ತೆಗೆದುಕೊಂಡು ಹೋಗಬೇಕೆಂದರೆ ಹೇಳಿ, ಕಳಿಸುತ್ತೇನೆ."

ಈ ಪತ್ರದಲ್ಲಿ 'ದಯವಿಟ್ಟು' ಒಂದೇ ಒಂದು ಸಲವೂ ಇಲ್ಲ. 'ಭದ್ರತೆ' ಅನ್ನೋ ಪದವನ್ನು ಬೇಕೆಂದೇ ಬಿಟ್ಟೆ. ಭದ್ರತೆಗೆ ಅಂದರೆ ಓದುವವರ ಕಿವಿಗೆ 'ನೀವು ಕೊಡದೆ ಹೋಗಬಹುದು' ಅಂತಲೇ ಕೇಳಿಸುತ್ತದೆ. ಅದಲ್ಲದೆ ಮುಂದೆ ತಕರಾರು ಬಂದರೆ 'ಇದು ಬಿಲ್ಲಿನ ದುಡ್ಡಿಗೆ ಕೊಟ್ಟ ಚೆಕ್ ಅಲ್ಲ, ಬರೀ ಭದ್ರತೆಗೆ ಕೊಟ್ಟಿದ್ದು' ಅಂತ ವಾದ ಎತ್ತಲು ನಾವೇ ದಾರಿ ಮಾಡಿಕೊಟ್ಟಂತೆ. ಯಾವ ಲೋಡಿಗೆ ಯಾವ ಚೆಕ್ ಅಂತ ಹೆಸರಿಸಿ ಬರೆದರೆ ಆ ಮಾತಿಗೆ ಜಾಗ ಕಡಿಮೆ.

'ಚೆಕ್ ಬಾರದೆ ಸರಕು ಹೊರಡುವುದಿಲ್ಲ' ಅನ್ನೋದೂ ಹೋಗಲಿಲ್ಲ, ತಿರುಗಿ ಕೂತಿತು. 29ರೊಳಗೆ ಬಂದರೆ ಹೇಳಿದ ದಿನಕ್ಕೇ ಹೊರಡುತ್ತದೆ. ಷರತ್ತು ಅದೇ. ಕೊನೆಯ ಸಾಲುಗಳನ್ನು ನೋಡಿ ಯಜಮಾನರು ಹುಬ್ಬು ಗಂಟಿಕ್ಕಿದರು. "ಮುಂದಿನ ಆರ್ಡರ್‌ಗೆ ಕೇಳಲ್ಲ ಅಂತ ಯಾಕ್ರೀ ಬರೆದ್ರಿ?" "ಸರ್, ಇದು ಯಾವಾಗ ಮುಗಿಯುತ್ತೆ ಅಂತ ಗೊತ್ತಿದ್ರೆ ಅವರು ಶುರು ಮಾಡ್ತಾರೆ" ಅಂದೆ. ಗೊಣಗಿಕೊಂಡೇ ಒಪ್ಪಿದರು.

ಅದೇ ಸಂಜೆ ಅವರಿಂದ ಒಂದೇ ಸಾಲಿನ ಉತ್ತರ ಬಂತು. 'ಸರಿ, ಅಕೌಂಟ್ಸ್ ಮೇಡಂ ಕಳಿಸುತ್ತಾರೆ.'

28ರಂದು ಲಕೋಟೆ ಬಂತು. ಒಳಗೆ ಮೂರು ಚೆಕ್, ಪಿನ್ ಹೊಡೆದು ಸೇರಿಸಿದ್ದರು. ಮೊದಲು ನಾನು ಪಿನ್ ತೆಗೆದೆ. ಬ್ಯಾಂಕಿನ ಮಷಿನ್ ಓದುವ ನಂಬರ್‌ಗಳು ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಇರುತ್ತವೆ. ಅಲ್ಲಿ ತೂತು ಬಿದ್ದರೆ, ಸಹಿ ಇಳಿದು ಬಂದರೆ, ಮುದ್ರೆ ಬಿದ್ದರೆ ತೊಂದರೆ. ಪುಣ್ಯಕ್ಕೆ ಪಿನ್ ಮೇಲುಗಡೆ ಇತ್ತು.

ಆಮೇಲೆ ಒಂದೊಂದಾಗಿ ನೋಡಿದೆ. ಹೆಸರು ಸರಿ. ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ ಒಂದೇ. ಎರಡು ಗೆರೆ ಇದೆ. ಸಹಿ ಇದೆ. ಡಿಸೆಂಬರ್‌ನದು ಸರಿ. ಜನವರಿ 4ರ ಚೆಕ್ ನೋಡಿ ಪಕ್ಕಕ್ಕಿಟ್ಟು, ಏನೋ ಸರಿ ಇಲ್ಲ ಅನ್ನಿಸಿ ಮತ್ತೆ ಎತ್ತಿಕೊಂಡೆ. ದಿನ ಸರಿ, ತಿಂಗಳು ಸರಿ. ವರ್ಷ ಮಾತ್ರ ಈ ವರ್ಷದ್ದೇ. ಮುಂದಿನ ವರ್ಷದ ಜನವರಿ ಆಗಬೇಕಿತ್ತು. ಮೂರನೆಯದೂ ಹಾಗೇ.

ಕೈ ಅಭ್ಯಾಸ. ಅಕ್ಟೋಬರ್‌ನಲ್ಲಿ ಕೂತು ಬರೆಯುವವರು ವರ್ಷದ ಜಾಗಕ್ಕೆ ಬಂದಾಗ ಯೋಚಿಸದೆ ಈ ವರ್ಷ ಬರೆದುಬಿಡುತ್ತಾರೆ. ಆದರೆ ಇದರ ಪರಿಣಾಮ ನೋಡಿ. ನನ್ನ ಕೈಯಲ್ಲಿದ್ದದ್ದು ಮುಂದಿನ ತಾರೀಖಿನ ಚೆಕ್ ಅಲ್ಲ, ಒಂಬತ್ತು ತಿಂಗಳ ಹಿಂದಿನ ಚೆಕ್. ಭಾರತದಲ್ಲಿ 2012ರ ಏಪ್ರಿಲ್ 1ರಿಂದ ಚೆಕ್ಕಿಗೆ ಬರೆದ ತಾರೀಖಿನಿಂದ 3 ತಿಂಗಳಷ್ಟೇ ಆಯುಷ್ಯ. ಅದಕ್ಕೆ ಮುಂಚೆ 6 ತಿಂಗಳಿತ್ತು. ಅಮೆರಿಕದಲ್ಲಿ 6 ತಿಂಗಳು ದಾಟಿದ ಚೆಕ್ಕಿಗೆ ಬ್ಯಾಂಕ್ ದುಡ್ಡು ಕೊಡಲೇಬೇಕು ಅಂತಿಲ್ಲ. ಯಾವ ಲೆಕ್ಕದಲ್ಲಿ ನೋಡಿದರೂ ಈ ಎರಡು ಹಾಳೆಗಳಿಗೆ ಜೀವ ಇರಲಿಲ್ಲ. ಗಮನಿಸದೆ ಒಳಗಿಟ್ಟಿದ್ದರೆ ಜನವರಿಯಲ್ಲಿ ಬ್ಯಾಂಕ್ ಕೌಂಟರ್‌ನಲ್ಲಿ ಗೊತ್ತಾಗುತ್ತಿತ್ತು. ಆಗ ಮೂರೂ ಲೋಡ್ ಅವರ ಹತ್ತಿರ.

ಈಗ ಎರಡನೇ ಸಲ ಕೇಳಬೇಕು. ಇದು ಮೊದಲನೆಯದಕ್ಕಿಂತ ಮುಜುಗರದ ಕೆಲಸ. ಬೇಕೆಂದೇ ಮಾಡಿದ್ದಾರಾ ಅನ್ನೋ ಅನುಮಾನ ಒಂದು ಕ್ಷಣ ನನಗೂ ಬಂತು. ದನಿಯಲ್ಲಿ ಅದು ಕಾಣಬಾರದು ಅಂತ ನೀರು ಕುಡಿದು ಅಕೌಂಟ್ಸ್ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಚೆಕ್ ಬಂತು, ಥ್ಯಾಂಕ್ಸ್. ಒಂದೇ ಒಂದು ವಿಷಯ. ಜನವರಿ ಚೆಕ್ ಎರಡರಲ್ಲೂ ವರ್ಷ ಈ ವರ್ಷದ್ದೇ ಬಿದ್ದಿದೆ."

"ಅಯ್ಯೋ! ಹೌದಾ? ತಿದ್ದಿ ಪಕ್ಕದಲ್ಲಿ ಸಹಿ ಮಾಡಿಸ್ಲಾ ಸರ್?"

"ಬೇಡ ಮೇಡಂ, ತಿದ್ದಿದ ಚೆಕ್ ಅಂದ್ರೆ ಬ್ಯಾಂಕ್‌ನಲ್ಲಿ ತಕರಾರು. ಹೊಸದು ಎರಡು ಹಾಳೆ ಬರೆದಿಡಿ. ನಮ್ಮ ಹುಡುಗನ ಕೈಲಿ ಹಳೆಯದನ್ನ ಕಳಿಸ್ತೀನಿ. ಅಲ್ಲೇ ಅದಲು ಬದಲು ಮಾಡ್ಕೊಳ್ಳಿ."

ಅವರು ನಕ್ಕರು. ಪ್ರತಿ ವರ್ಷ ಜನವರಿಯಲ್ಲಿ ಅವರ ಕೈಯಿಂದ ಹೀಗೆ ಎರಡು ಮೂರು ಹಾಳೆ ಹಾಳಾಗುತ್ತವಂತೆ, ಈ ಸಲ ಅಕ್ಟೋಬರ್‌ನಲ್ಲೇ ಶುರುವಾಯಿತಂತೆ. ಮರುದಿನ ಹೊಸ ಚೆಕ್ ಬಂದವು. ಹೇಳಿದಂತೆ ರಸೀದಿ ಬರೆದೆ. ಮೂರು ಚೆಕ್ ನಂಬರ್, ತಾರೀಖು, ಮೊತ್ತ, ಯಾವ ಲೋಡಿಗೆ, ಕೆಳಗೆ ನನ್ನ ಸಹಿ. ಅದೇ ವಿವರ ನಮ್ಮ ಪೋಸ್ಟ್ ಡೇಟೆಡ್ ಚೆಕ್ ರಿಜಿಸ್ಟರ್‌ಗೂ ಹೋಯಿತು. ಚೆಕ್ ಕಪಾಟಿಗೆ ಹೋಯಿತು, ಬೀಗ ಬಿತ್ತು.

ಮನೆಯೊಳಗಿನ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಮೂರೂ ಚೆಕ್ಕನ್ನು ಅವತ್ತೇ ರಸೀದಿ ಎಂಟ್ರಿ ಮಾಡಿಬಿಟ್ಟಿದ್ದಳು. ಕಂಪ್ಯೂಟರ್‌ನಲ್ಲಿ ಆ ಗಿರಾಕಿಯ ಲೆಕ್ಕ 9 ಲಕ್ಷ ಜಮಾ ತೋರಿಸುತ್ತಿತ್ತು. ನಮಗೆ ಬಂದ ದುಡ್ಡು ಸೊನ್ನೆ. ಸೇಲ್ಸ್ ಹುಡುಗ ಅದನ್ನು ನೋಡಿ, ಇವರಿಗೆ ಇನ್ನೂ ಉದ್ರಿ ಕೊಡಬಹುದು ಅಂತ ನಾಲ್ಕನೇ ಲೋಡ್ ಮಾತಾಡಲು ಹೊರಟಿದ್ದ! ಚೆಕ್ ಕಪಾಟಿನಲ್ಲಿ ಇರುವ ತನಕ ಬಾಕಿ ಬಾಕಿಯೇ. ಬ್ಯಾಂಕಿನಲ್ಲಿ ಪಾಸಾದ ಮೇಲೆ ಕಳೆಯಬೇಕು. ಆ ಎಂಟ್ರಿಗಳನ್ನು ತೆಗೆಸಿ, ರಿಜಿಸ್ಟರ್ ಬೇರೆ, ಲೆಡ್ಜರ್ ಬೇರೆ ಅಂತ ಅವಳಿಗೆ ತೋರಿಸಿದೆ.

ಲೋಡ್‌ಗಳು ಹೋದವು. ಡಿಸೆಂಬರ್ 15ಕ್ಕೆ ಮೇಡಂಗೆ ಮೆಸೇಜ್ ಹಾಕಿದೆ, 'ನಾಡಿದ್ದು 17, ಮೊದಲ ಚೆಕ್ ಹಾಕುತ್ತೇವೆ.' 'ಓಕೆ ಸರ್' ಬಂತು. ಚೆಕ್ ಪಾಸಾಯಿತು.

ಜನವರಿ 2ರ ಮೆಸೇಜ್‌ಗೆ ಉತ್ತರ ಬರಲಿಲ್ಲ. ಮಧ್ಯಾಹ್ನ ಫೋನ್ ಬಂತು. "ಸರ್, ಒಂದು ರಿಕ್ವೆಸ್ಟ್. ನಮಗೆ ಬರ್ಬೇಕಾಗಿದ್ದ ಒಂದು ಪೇಮೆಂಟ್ ತಡ ಆಗಿದೆ. ಇವತ್ತು 1 ಲಕ್ಷ ಆನ್‌ಲೈನ್ ಹಾಕ್ತೀನಿ. ಮಿಕ್ಕಿದ್ದು ಹತ್ತು ದಿನ ಬಿಟ್ಟು. ಚೆಕ್ ಹಾಕ್ಬೇಡಿ ಸರ್, ಪ್ಲೀಸ್."

ಎರಡು ದಿನ ಮುಂಚೆ ತಿಳಿಸುತ್ತೇವೆ ಅಂತ ಪತ್ರದಲ್ಲಿ ಬರೆದದ್ದು ಅವರ ಸಮಾಧಾನಕ್ಕೆ ಅಂತ ನಾನು ಅಂದುಕೊಂಡಿದ್ದೆ. ಉಪಯೋಗ ನಮಗೂ ಆಯಿತು. ಸುಮ್ನೆ 4ರಂದು ಹಾಕಿದ್ದರೆ ಚೆಕ್ ಬೌನ್ಸ್ ಆಗುತ್ತಿತ್ತು, ಎರಡೂ ಕಡೆ ಬ್ಯಾಂಕ್ ಚಾರ್ಜ್, ಮೇಲೆ ಮನಸ್ತಾಪ. ಈಗ ಅವರೇ ಮೊದಲು ಬಾಯಿ ಬಿಟ್ಟಿದ್ದರು.

ಯಜಮಾನರ ಹತ್ತಿರ ಹೋದೆ. ಅವರು "1 ಲಕ್ಷ ಬರ್ಲಿ, ಇಸ್ಕೊಳ್ಳಿ. ಚೆಕ್ಕನ್ನ ಹತ್ತು ದಿನ ಬಿಟ್ಟು ಹಾಗೇ ಹಾಕಿ. ಜಾಸ್ತಿ ಬಂದದ್ದನ್ನ ಮುಂದಿನ ಲೆಕ್ಕಕ್ಕೆ ತಗೊಂಡ್ರಾಯ್ತು" ಅಂದರು.

ಇದು ಮಾತ್ರ ಮಾಡಬಾರದ ಕೆಲಸ. 1 ಲಕ್ಷ ಬಂದ ಮೇಲೆ ಉಳಿದ ಬಾಕಿ 2 ಲಕ್ಷ. ಕೈಯಲ್ಲಿರುವ ಚೆಕ್ 3 ಲಕ್ಷದ್ದು. ಇಲ್ಲದ ಬಾಕಿಗೆ ಚೆಕ್ ಹಾಕಿದಂತೆ ಆಗುತ್ತದೆ. ಭಾರತದಲ್ಲಿ ಇದರ ಬಗ್ಗೆ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೇ ಇದೆ. ಚೆಕ್ ಕೊಟ್ಟ ಮೇಲೆ ಸ್ವಲ್ಪ ದುಡ್ಡು ಬೇರೆ ದಾರಿಯಲ್ಲಿ ಬಂದಿದ್ದರೆ ಅದನ್ನು ಆ ಚೆಕ್ಕಿನ ಮೇಲೆ ನಮೂದಿಸಿ, ಉಳಿದ ಬಾಕಿಗೆ ಮಾತ್ರ ಹಾಕಬೇಕು. ಹಾಗೆ ಮಾಡದೆ ಪೂರ್ತಿ ಮೊತ್ತಕ್ಕೆ ಹಾಕಿ ಚೆಕ್ ಬೌನ್ಸ್ ಆದರೆ, ಚೆಕ್ ಬೌನ್ಸ್ ಕೇಸು ನಿಲ್ಲುವುದಿಲ್ಲ. ಅಂದರೆ ದುರಾಸೆಗೆ ಬಿದ್ದರೆ ನಮ್ಮ ಕೈಯಲ್ಲಿದ್ದ ಆಧಾರವನ್ನು ನಾವೇ ಕಳೆದುಕೊಂಡಂತೆ. ಇಷ್ಟು ಹೇಳಿದ ಮೇಲೆ ಯಜಮಾನರು "ಹಾಗಾದ್ರೆ ನೀವು ಹೇಗೆ ಸರಿ ಅಂತೀರೋ ಹಾಗೆ ಮಾಡಿ" ಅಂದರು.

ಚೆಕ್ಕಿನ ಮೇಲೆ ಬರೆಯುವ ಗೋಜಿಗೆ ನಾನು ಹೋಗಲಿಲ್ಲ. ಹೊಸ ಚೆಕ್ ಕೇಳಿದೆ. ಮೂರನೇ ಸಲ ಕೇಳುತ್ತಿದ್ದೇನೆ, ಅದೂ ಕಷ್ಟದಲ್ಲಿ ಇರುವವರನ್ನು. ಮೆಸೇಜ್ ಹೀಗಿತ್ತು: "ಮೇಡಂ, ಮುಂಚೆಯೇ ಹೇಳಿದ್ದಕ್ಕೆ ಥ್ಯಾಂಕ್ಸ್. 4ರ ಚೆಕ್ ಹಾಕುವುದಿಲ್ಲ. 1 ಲಕ್ಷ ಬಂದ ಕೂಡಲೇ ರಸೀದಿ ಕಳಿಸುತ್ತೇನೆ. ಉಳಿದ 2 ಲಕ್ಷಕ್ಕೆ ಜನವರಿ 14ರ ತಾರೀಖು ಹಾಕಿ ಒಂದು ಚೆಕ್ ಬರೆದಿಡಿ. ನಮ್ಮ ಹುಡುಗ 3 ಲಕ್ಷದ ಹಳೇ ಚೆಕ್ ತಂದು ಕೊಟ್ಟು ಹೊಸದನ್ನು ತರುತ್ತಾನೆ. ಹತ್ತು ದಿನ ಸಾಕಾಗುತ್ತಾ? ಬೇಕಿದ್ದರೆ ಈಗಲೇ ಹೇಳಿ, 18 ಅಂತ ಹಾಕೋಣ. ಆಮೇಲೆ ಮತ್ತೆ ಬದಲಿಸುವುದು ಬೇಡ."

ಆ ಕೊನೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. "18 ಮಾಡಿ ಸರ್" ಅಂತ ಉತ್ತರ ಬಂತು. ಮೊದಲು ಸಂಕೋಚಕ್ಕೆ ಹತ್ತು ದಿನ ಅಂದಿದ್ದರು ಅಂತ ಕಾಣುತ್ತದೆ. ದುಡ್ಡು ಕೊಡಬೇಕಾದವರು ಸಾಮಾನ್ಯವಾಗಿ ತಮಗೆ ಬೇಕಾದ್ದಕ್ಕಿಂತ ಕಡಿಮೆ ದಿನವನ್ನೇ ಕೇಳುತ್ತಾರೆ, ಆಮೇಲೆ ಅದನ್ನೂ ತಪ್ಪಿಸುತ್ತಾರೆ. ನಾಲ್ಕು ದಿನ ಜಾಸ್ತಿ ಕೊಟ್ಟರೆ ನಮಗೆ ಅಷ್ಟೇನೂ ಆಗುವುದಿಲ್ಲ. ಎರಡನೇ ಸಲ ಮುಂದೂಡಿದರೆ ಆಗುತ್ತದೆ.

ನಮ್ಮ ಹುಡುಗನಿಗೆ ಒಂದು ಮಾತು ಹೇಳಿ ಕಳಿಸಿದೆ. ಹೊಸ ಚೆಕ್ ಕೈಗೆ ತಗೊಂಡು, ಓದಿ, ವರ್ಷ ನೋಡಿ, ಆಮೇಲೆ ಹಳೆಯದನ್ನು ಕೊಡು. ಅವನು ಚೆಕ್ಕಿನ ಫೋಟೋ ತೆಗೆದು ನನಗೆ ಕಳಿಸಿ, ನಾನು ಸರಿ ಅಂದ ಮೇಲೆ ಹಳೇ ಚೆಕ್ ಕೊಟ್ಟ. ಮೇಡಂ ಅವನ ಎದುರೇ ಅದರ ಮೇಲೆ ಅಡ್ಡ ಗೆರೆ ಎಳೆದು 'ರದ್ದು' ಅಂತ ಬರೆದರಂತೆ. ರಿಜಿಸ್ಟರ್‌ನಲ್ಲಿ ನಾನೂ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಹೊಸ ನಂಬರ್ ಬರೆದೆ.

18ರ ಚೆಕ್ ಪಾಸಾಯಿತು. 25ರದೂ ಪಾಸಾಯಿತು.

ಫೆಬ್ರವರಿಯಲ್ಲಿ ಮುಂದಿನ ಆರ್ಡರ್ ಬಂತು. ಈ ಸಲ ಎರಡೇ ಲೋಡ್. ಪೇಚಾಟ ಶುರುವಾದದ್ದು ಈಗ. ಮೂರೂ ಚೆಕ್ ತಾರೀಖಿಗೆ ಪಾಸಾದರೆ ಮತ್ತೆ ಕೇಳುವುದಿಲ್ಲ ಅಂತ ನಾನೇ ಬರೆದಿದ್ದೆ. ಎರಡನೆಯದು ತಾರೀಖಿಗೆ ಪಾಸಾಗಲಿಲ್ಲ ಅನ್ನೋದು ನಿಜ. ಅವರು ಮುಂಚೆಯೇ ಹೇಳಿ, ಹೇಳಿದ ದಿನಕ್ಕೆ ಕೊಟ್ಟರು ಅನ್ನೋದೂ ನಿಜ. ಯಜಮಾನರು "ಕೇಳಿ" ಅಂದರು, ಸೇಲ್ಸ್ ಹುಡುಗ "ಬೇಡ" ಅಂದ. ನಾನು ಮಧ್ಯದ ದಾರಿ ಹಿಡಿದೆ. ಎರಡು ಲೋಡಿನಲ್ಲಿ ಮೊದಲನೆಯದು ಚೆಕ್ ಇಲ್ಲದೆ, ಎರಡನೆಯದಕ್ಕೆ ಮಾತ್ರ ಒಂದು ಚೆಕ್. ಜನವರಿಯಲ್ಲಿ ಒಂದು ಸಲ ಮುಂದೆ ಹೋದದ್ದರಿಂದ ಕೇಳುತ್ತಿದ್ದೇನೆ ಅಂತ ಸುತ್ತಿ ಬಳಸದೆ ಹೇಳಬೇಕು ಅಂದುಕೊಂಡು ಮೇಲ್ ಬರೆಯಲು ಕೂತೆ.

ಅಷ್ಟರಲ್ಲಿ ಮೇಡಂ ಫೋನ್ ಬಂತು. "ಸರ್, ಆರ್ಡರ್ ಕಳಿಸಿದ್ದೀವಿ ಅಲ್ವಾ, ಚೆಕ್ ಎಷ್ಟು ಬರೀಲಿ?"

"ಒಂದೇ ಸಾಕು ಮೇಡಂ. ಎರಡನೇ ಲೋಡಿಗೆ. ಏಪ್ರಿಲ್ 19ರದು."

"ಸರಿ ಸರ್. ಏಪ್ರಿಲ್ 19... ವರ್ಷ ಇದೇ ವರ್ಷ ತಾನೇ?"

"ಇದೇ ವರ್ಷ ಮೇಡಂ" ಅಂದೆ.